ಘರ್ಷಣೆ ಐದೇ ನ್ಯೂಟನ್ ಏಕೆ? ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ಚಲನೆಯ ನಿಯಮಗಳ ಅಧ್ಯಾಯಕ್ಕೆ ಬಂದಾಗಲೆಲ್ಲ ನಿಮ್ಮಿಂದ ಕೇಳುವ ಮಾತೊಂದಿದೆ: "ಸರ್, ಆನ್ಸರ್ ಟ್ಯಾಲಿ ಆಗ್ತಿಲ್ಲ." ಪುಸ್ತಕದ ಕೊನೆಯ ಪುಟದಲ್ಲಿರುವ ಸಂಖ್ಯೆಗೂ ನಿಮ್ಮ ನೋಟ್‌ಬುಕ್ಕಿನ ಸಂಖ್ಯೆಗೂ ತಾಳೆಯಾದರೆ ಲೆಕ್ಕ ಸರಿ, ಆಗದಿದ್ದರೆ ತಪ್ಪು ಎಂದು ನೀವು ತೀರ್ಮಾನಿಸಿಬಿಡುತ್ತೀರಿ. ಆದರೆ ಒರಟು ಇಳಿಜಾರಿನ ಮೇಲೆ ಕುಳಿತ ಬ್ಲಾಕಿನ ಲೆಕ್ಕದಲ್ಲಿ ಕೊನೆಯ ಪುಟವನ್ನು ತೆರೆಯದೆಯೇ ಉತ್ತರವನ್ನು ಪರೀಕ್ಷಿಸಬಹುದು. ಪರೀಕ್ಷೆಗೆ ಬೇಕಾದದ್ದೆಲ್ಲ ನೀವು ಬರೆದ ಫ್ರೀ ಬಾಡಿ ಡಯಾಗ್ರಾಮಿನಲ್ಲೇ ಇರುತ್ತದೆ. ಅದು ಹೇಗೆ ಎಂಬುದನ್ನು ಒಂದೇ ಲೆಕ್ಕ ಹಿಡಿದು ನಿಧಾನವಾಗಿ ತೋರಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪೆನ್ಸಿಲ್ ಮತ್ತು ಖಾಲಿ ಹಾಳೆ ಪಕ್ಕದಲ್ಲಿಟ್ಟುಕೊಂಡು ಓದಿ.

ಲೆಕ್ಕ ಇದು. ನೆಲದೊಂದಿಗೆ 30 ಡಿಗ್ರಿ ಕೋನ ಮಾಡುವ, ಅಲುಗಾಡದ ಇಳಿಜಾರಿನ ಮೇಲೆ 5 ಕೆ.ಜಿ. ದ್ರವ್ಯರಾಶಿಯ ಬ್ಲಾಕೊಂದು ನಿಶ್ಚಲವಾಗಿದೆ. ಸ್ಥಿತ ಘರ್ಷಣೆಯ ಗುಣಾಂಕ 0.4, ಚಲನ ಘರ್ಷಣೆಯ ಗುಣಾಂಕ 0.3. ಇಳಿಜಾರಿಗೆ ಸಮಾಂತರವಾಗಿ ಕಟ್ಟಿದ ಹಗ್ಗವೊಂದು ಬ್ಲಾಕನ್ನು 30 ನ್ಯೂಟನ್ ಬಲದಿಂದ ಮೇಲಕ್ಕೆ ಎಳೆಯುತ್ತಿದೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿಯಿರಿ. ಬ್ಲಾಕಿನ ಮೇಲಿನ ಘರ್ಷಣ ಬಲ ಎಷ್ಟು, ಯಾವ ದಿಕ್ಕಿಗೆ?

ಈ ಲೆಕ್ಕಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಬರುತ್ತದೆ. ಕೆಲವರು ಚಲನ ಘರ್ಷಣೆಯ ಗುಣಾಂಕವನ್ನು ನಾರ್ಮಲ್ ಬಲದಿಂದ ಗುಣಿಸಿ ಘರ್ಷಣೆ 13 ನ್ಯೂಟನ್, ಕೆಳಮುಖ, ಬ್ಲಾಕಿನ ವೇಗೋತ್ಕರ್ಷ ಕೆಳಮುಖವಾಗಿ 1.6 ಎಂದು ಬರೆಯುತ್ತಾರೆ. ಇಳಿಜಾರಿನಲ್ಲಿ ಬ್ಲಾಕು ಜಾರುವುದು ಕೆಳಕ್ಕೆ ತಾನೇ, ಆದ್ದರಿಂದ ಘರ್ಷಣೆ ಮೇಲಕ್ಕೇ ಇರಬೇಕು ಎಂದು ಇನ್ನು ಕೆಲವರು ಅದೇ 13 ನ್ಯೂಟನ್ ಬಾಣವನ್ನು ಮೇಲ್ಮುಖವಾಗಿ ಎಳೆದು, ವೇಗೋತ್ಕರ್ಷ ಮೇಲ್ಮುಖವಾಗಿ 3.6 ಎನ್ನುತ್ತಾರೆ. ಮೂರನೆಯವರ ಉತ್ತರ 5 ನ್ಯೂಟನ್, ಕೆಳಮುಖ, ಬ್ಲಾಕು ಅಲುಗುವುದಿಲ್ಲ. ಮೂರೂ ಪುಟಗಳಲ್ಲಿ ಸಮೀಕರಣಗಳು ಅಚ್ಚುಕಟ್ಟಾಗಿರುತ್ತವೆ, ಕೂಡುವ ಕಳೆಯುವ ಲೆಕ್ಕದಲ್ಲಿ ಎಲ್ಲೂ ತಪ್ಪಿರುವುದಿಲ್ಲ. ಹಾಗಿದ್ದರೆ ಯಾವುದು ಸರಿ ಎಂದು ಹೇಗೆ ತಿಳಿಯುವುದು?

ಮೊದಲು ಸಂಖ್ಯೆಗಳನ್ನು ಬದಿಗಿಟ್ಟು ಬಾಣಗಳನ್ನು ನೋಡೋಣ. ನಿಮ್ಮ ಚಿತ್ರದ ಒಂದೊಂದು ಬಾಣದ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿ: ಈ ಬಲವನ್ನು ಬ್ಲಾಕಿನ ಮೇಲೆ ಹಾಕುತ್ತಿರುವುದು ಯಾವ ವಸ್ತು? ನೇರ ಕೆಳಕ್ಕಿರುವ 50 ನ್ಯೂಟನ್ ಬಾಣ ಭೂಮಿಯದು. ಇಳಿಜಾರಿಗೆ ಲಂಬವಾಗಿ ಹೊರಕ್ಕೆ ಹೊರಟ ನಾರ್ಮಲ್ ಬಲ ಇಳಿಜಾರಿನ ಮೇಲ್ಮೈಯದು. ಮೇಲ್ಮೈಗೆ ಅಂಟಿಕೊಂಡಂತೆ ಹೋಗುವ ಘರ್ಷಣೆಯೂ ಅದೇ ಮೇಲ್ಮೈಯದು. 30 ನ್ಯೂಟನ್ ಹಗ್ಗದ್ದು. ನಾಲ್ಕು ಬಾಣಗಳಾದವು. ಬ್ಲಾಕನ್ನು ಮುಟ್ಟಿರುವುದು ಇಳಿಜಾರು ಮತ್ತು ಹಗ್ಗ ಎರಡೇ. ಮುಟ್ಟದೆ ಎಳೆಯುತ್ತಿರುವುದು ಭೂಮಿ ಒಂದೇ. ಐದನೆಯ ಬಾಣವೊಂದು ನಿಮ್ಮ ಚಿತ್ರದಲ್ಲಿದ್ದರೆ ಅದಕ್ಕೆ ಒಡೆಯರಿಲ್ಲ. ಹಾಗೆ ಒಡೆಯರಿಲ್ಲದೆ ನುಸುಳುವ ಬಾಣ ಬಹುತೇಕ ಎರಡರಲ್ಲೊಂದಾಗಿರುತ್ತದೆ. ಒಂದು, ತೂಕದ ಬಾಣವನ್ನು ಹಾಗೇ ಉಳಿಸಿಕೊಂಡು ಅದರ ಪಕ್ಕದಲ್ಲೇ mg sin θ ಎಂದು ಇನ್ನೊಂದು ಬಾಣ ಎಳೆಯುವುದು. ಅದು ಬೇರೆ ಬಲವಲ್ಲ, ಅದೇ ತೂಕದ ಒಂದು ಘಟಕ. ಎರಡನ್ನೂ ಲೆಕ್ಕಕ್ಕೆ ತಂದರೆ ಇಳಿಜಾರಿನುದ್ದಕ್ಕೆ ಭೂಮಿ ಬ್ಲಾಕನ್ನು ಎರಡು ಸಲ ಎಳೆದಂತಾಗುತ್ತದೆ. ಘಟಕಗಳು ಬೇಕಾದರೆ ಚುಕ್ಕಿಗೆರೆಯಲ್ಲಿ ಬರೆದುಕೊಳ್ಳಿ, ಇಲ್ಲವೇ ಪಕ್ಕದಲ್ಲಿ ಬೇರೆ ಚಿತ್ರ ಬರೆಯಿರಿ. ಎರಡನೆಯದು ma ಎಂಬ ಬಾಣ. ಅದು ಬಲಗಳನ್ನೆಲ್ಲ ಕೂಡಿದಾಗ ಬರುವ ಫಲ. ಕೂಡಬೇಕಾದ ಬಲಗಳ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ.

ಬಾಣಗಳು ಸರಿಯಾದ ಮೇಲೆ ಗಾತ್ರಗಳಿಗೆ ಬರೋಣ. ಇಳಿಜಾರಿನುದ್ದಕ್ಕೆ ಕೆಳಗೆ ಎಳೆಯುವ ತೂಕದ ಘಟಕ 50 × sin 30°, ಅಂದರೆ 25 ನ್ಯೂಟನ್. ಇಳಿಜಾರಿಗೆ ಲಂಬವಾಗಿ ಒತ್ತುವ ಘಟಕ 50 × cos 30°, ಅಂದರೆ 43.3 ನ್ಯೂಟನ್. ಆ ದಿಕ್ಕಿನಲ್ಲಿ ಬೇರೆ ಬಲವಿಲ್ಲದ ಕಾರಣ ನಾರ್ಮಲ್ ಬಲವೂ 43.3. ಸೈನ್ ಎಲ್ಲಿ, ಕೊಸೈನ್ ಎಲ್ಲಿ ಎಂಬ ಅನುಮಾನ ಬಂದರೆ ಇಳಿಜಾರನ್ನು ಮನಸ್ಸಿನಲ್ಲೇ ನೆಲಕ್ಕೆ ಮಲಗಿಸಿ. ಕೋನ ಸೊನ್ನೆಯಾದಾಗ ಕೆಳಗೆ ಎಳೆಯುವ ಘಟಕ ಇಲ್ಲವಾಗಬೇಕು, ಪೂರ್ತಿ ತೂಕ ಮೇಲ್ಮೈಯನ್ನು ಒತ್ತಬೇಕು. ಸೊನ್ನೆಯಾಗುವುದು ಸೈನ್, ಒಂದಾಗುವುದು ಕೊಸೈನ್. ಇದಕ್ಕೆ ಅರ್ಧ ನಿಮಿಷವೂ ಬೇಡ.

ಈಗ ಘರ್ಷಣೆ. ಇಡೀ ಲೆಕ್ಕದ ಗಂಟು ಇರುವುದು ಇಲ್ಲಿ. ಗುಣಾಂಕ ಕಂಡ ಕೂಡಲೇ ಅದನ್ನು ನಾರ್ಮಲ್ ಬಲದಿಂದ ಗುಣಿಸಿ ಬಾಣದ ಪಕ್ಕದಲ್ಲಿ ಬರೆಯುವ ಅಭ್ಯಾಸ ನಿಮ್ಮಲ್ಲಿ ತುಂಬ ಜನರಿಗಿದೆ. ಜಾರುತ್ತಿರುವ ಬ್ಲಾಕಿಗೆ ಅದು ಸರಿ. ನಿಂತಿರುವ ಬ್ಲಾಕಿನ ಮಟ್ಟಿಗೆ ಸ್ಥಿತ ಘರ್ಷಣೆಯ ಗುಣಾಂಕ ಹೇಳುವುದು ಒಂದು ಮಿತಿಯನ್ನು ಮಾತ್ರ. ಘರ್ಷಣೆ ಗರಿಷ್ಠ ಎಷ್ಟರವರೆಗೆ ಏರಬಹುದು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಸದ್ಯ ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ನಮ್ಮ ಲೆಕ್ಕದಲ್ಲಿ ಮಿತಿ 0.4 × 43.3, ಅಂದರೆ ಸುಮಾರು 17.3 ನ್ಯೂಟನ್. ಬೇರೆ ಬಲಗಳನ್ನು ಸರಿದೂಗಿಸಲು ಎಷ್ಟು ಬೇಕೋ ಅಷ್ಟನ್ನೇ ಸ್ಥಿತ ಘರ್ಷಣೆ ಕೊಡುತ್ತದೆ, ಯಾವ ದಿಕ್ಕಿಗೆ ಬೇಕೋ ಆ ದಿಕ್ಕಿಗೇ ಕೊಡುತ್ತದೆ, ಮಿತಿ ದಾಟದವರೆಗೆ ಮಾತ್ರ. ಆದ್ದರಿಂದ ಚಿತ್ರದಲ್ಲಿ ಅದನ್ನು f ಎಂಬ ಅಜ್ಞಾತವಾಗಿಯೇ ಬರೆಯಬೇಕು. ಹಗ್ಗ ಮೇಲಕ್ಕೆ 30 ಎಳೆಯುತ್ತಿದೆ, ತೂಕ ಕೆಳಕ್ಕೆ 25 ಎಳೆಯುತ್ತಿದೆ, ಉಳಿದದ್ದು ಮೇಲ್ಮುಖವಾಗಿ 5. ಬ್ಲಾಕು ನಿಂತೇ ಇರಬೇಕಾದರೆ ಘರ್ಷಣೆ ಕೆಳಮುಖವಾಗಿ 5 ನ್ಯೂಟನ್ ಆಗಿರಬೇಕು. ಮಿತಿ 17.3, ಬೇಕಾಗಿರುವುದು 5. ಕೊಡಲು ಸಾಧ್ಯವಿದೆ, ಕೊಡುತ್ತದೆ. ಮೂರನೆಯ ಉತ್ತರ ಹೀಗೆ ಬಂತು.

ಇಲ್ಲಿ ಅತ್ಯಗತ್ಯವಾದ ಹೆಜ್ಜೆ ಆ ಕೊನೆಯ ಹೋಲಿಕೆ. ಬ್ಲಾಕು ನಿಂತಿದೆ ಎಂದು ನಾವು ಊಹಿಸಿಕೊಂಡೇ 5 ಎಂಬ ಸಂಖ್ಯೆಯನ್ನು ಪಡೆದೆವು. ಆ ಊಹೆ ಸರಿಯೇ ಎಂದು ಹೇಳುವುದು 5 ಮತ್ತು 17.3ರ ಹೋಲಿಕೆ. ಅದನ್ನು ಪುಟದಲ್ಲಿ ಬರೆಯದೆ ಬಿಟ್ಟರೆ, ಉತ್ತರ ಸರಿಯಾಗಿದ್ದರೂ ಅದು ಸರಿ ಎಂಬುದಕ್ಕೆ ಆಧಾರ ಇರುವುದಿಲ್ಲ. ಹಗ್ಗವೇ ಇಲ್ಲ ಎಂದುಕೊಳ್ಳಿ. ಬ್ಲಾಕು ನಿಲ್ಲಲು ಆಗ ಮೇಲ್ಮುಖವಾಗಿ 25 ನ್ಯೂಟನ್ ಘರ್ಷಣೆ ಬೇಕು. ಮಿತಿ 17.3 ಮಾತ್ರ. ಊಹೆ ಮುರಿದುಬಿತ್ತು. ಬ್ಲಾಕು ಜಾರುತ್ತದೆ, ಘರ್ಷಣೆ 13ಕ್ಕೆ ಇಳಿಯುತ್ತದೆ, ವೇಗೋತ್ಕರ್ಷ ಕೆಳಮುಖವಾಗಿ 2.4 ಮೀಟರ್ ಪ್ರತಿ ಸೆಕೆಂಡ್ ವರ್ಗ. ಇದನ್ನು ಇನ್ನೊಂದು ದಾರಿಯಿಂದಲೂ ನೋಡಬಹುದು. ಹಗ್ಗವಿಲ್ಲದ ಬ್ಲಾಕು ತಾನಾಗಿ ನಿಲ್ಲಬೇಕಾದರೆ ಕೋನದ ಟ್ಯಾಂಜೆಂಟ್ ಗುಣಾಂಕವನ್ನು ಮೀರಬಾರದು. tan 30° ಅಂದರೆ 0.577, ಗುಣಾಂಕ 0.4. ಮೀರಿದೆ. ನಿಮ್ಮ ಎನ್‌ಸಿಇಆರ್‌ಟಿ ಪುಸ್ತಕದ ಉದಾಹರಣೆಯಲ್ಲಿ ಹಲಗೆಯನ್ನು ನಿಧಾನವಾಗಿ ಎತ್ತುತ್ತಾ 15 ಡಿಗ್ರಿಗೆ ಬಂದಾಗ ಬ್ಲಾಕು ಜಾರತೊಡಗುತ್ತದೆ, ಅದರಿಂದ ಗುಣಾಂಕ 0.27 ಎಂದು ಸಿಗುತ್ತದಲ್ಲ, ಅದರ ಹಿಂದಿರುವುದೂ ಇದೇ ಸಂಬಂಧ. ನಮ್ಮ ಬ್ಲಾಕಿಗೆ ಆ ಕೋನ ಸುಮಾರು 21.8 ಡಿಗ್ರಿ.

ಉಳಿದ ಎರಡು ಉತ್ತರಗಳು ಏಕೆ ತಪ್ಪು ಎಂಬುದನ್ನು ಆ ಉತ್ತರಗಳೇ ಹೇಳುತ್ತವೆ. ಮೊದಲನೆಯದನ್ನು ತೆಗೆದುಕೊಳ್ಳಿ: ಘರ್ಷಣೆ 13 ಕೆಳಮುಖ, ವೇಗೋತ್ಕರ್ಷ 1.6 ಕೆಳಮುಖ. ನಿಂತಿದ್ದ ಬ್ಲಾಕು ಕೆಳಕ್ಕೆ ಹೊರಟಿತು ಎಂದು ಇದರ ಅರ್ಥ. ಕೆಳಕ್ಕೆ ಜಾರುವ ಬ್ಲಾಕಿನ ಮೇಲೆ ಚಲನ ಘರ್ಷಣೆ ಮೇಲ್ಮುಖವಾಗಿರಬೇಕು, ಆದರೆ ಚಿತ್ರದಲ್ಲಿ ಅದು ಕೆಳಮುಖವಾಗಿದೆ. ಚಿತ್ರವೂ ಉತ್ತರವೂ ಒಂದಕ್ಕೊಂದು ವಿರುದ್ಧ ಹೇಳುತ್ತಿವೆ. ಎರಡನೆಯ ಉತ್ತರದ ಪಾಡೂ ಅದೇ: ಬ್ಲಾಕು ಮೇಲಕ್ಕೆ ಹೊರಡುತ್ತದೆ, ಘರ್ಷಣೆಯೂ ಮೇಲಕ್ಕೇ ನೂಕುತ್ತದೆ. ಅಲುಗಾಡದ ಮೇಲ್ಮೈಯ ಘರ್ಷಣೆ ನಿಂತ ವಸ್ತುವನ್ನು ತಾನೇ ಚಲನೆಗೆ ಹಚ್ಚಲಾರದು. ಇದನ್ನು ಪರೀಕ್ಷಿಸುವ ಸುಲಭ ವಿಧಾನವೆಂದರೆ ಘರ್ಷಣೆಯ ಬಾಣವನ್ನು ಬೆರಳಿನಿಂದ ಮುಚ್ಚಿ, ಉಳಿದ ಬಲಗಳನ್ನು ಕೂಡುವುದು. ನಮ್ಮ ಲೆಕ್ಕದಲ್ಲಿ ಮೇಲ್ಮುಖ 5 ಉಳಿಯುತ್ತದೆ. ಘರ್ಷಣೆ ಆ 5ನ್ನು ಕಡಿಮೆ ಮಾಡಬಹುದು, ಪೂರ್ತಿ ಸೊನ್ನೆ ಮಾಡಬಹುದು. ಸೊನ್ನೆಯನ್ನು ದಾಟಿ ಆಚೆ ಬದಿಗೆ ಒಯ್ಯಲು ಅದಕ್ಕೆ ಆಗುವುದಿಲ್ಲ. ಘರ್ಷಣೆ ಸೇರಿಸಿದ ಮೇಲೆ ಒಟ್ಟು ಬಲದ ದಿಕ್ಕು ತಿರುಗಿಬಿಟ್ಟಿದ್ದರೆ, ಬ್ಲಾಕು ಮೊದಲು ನಿಂತಿತ್ತು ಎಂದು ಪ್ರಶ್ನೆ ಹೇಳಿದ್ದರೆ, ಉತ್ತರ ಖಂಡಿತ ತಪ್ಪು.

"ಬ್ಲಾಕು ಮೊದಲು ನಿಂತಿತ್ತು" ಎಂಬ ಆ ಷರತ್ತು ತುಂಬ ಮುಖ್ಯ. ಪ್ರಶ್ನೆಯ ಒಂದೇ ಪದವನ್ನು ಬದಲಿಸಿ ನೋಡೋಣ. ಹಗ್ಗದ ಬಲ ಅದೇ 30, ಆದರೆ ನಾವು ನೋಡತೊಡಗಿದ ಕ್ಷಣದಲ್ಲಿ ಬ್ಲಾಕು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಇಳಿಜಾರಿನ ಮೇಲಕ್ಕೆ ಸಾಗುತ್ತಿತ್ತು ಎನ್ನಿ. ಈಗ ಅದು ಜಾರುತ್ತಿದೆ, ಆದ್ದರಿಂದ ಘರ್ಷಣೆ ಚಲನ ಘರ್ಷಣೆ, ಗಾತ್ರ 13, ಚಲನೆಗೆ ಎದುರಾಗಿ ಕೆಳಮುಖ. ಒಟ್ಟು ಬಲ 30ರಿಂದ 25 ಮತ್ತು 13 ಕಳೆದು, ಕೆಳಮುಖ 8. ವೇಗೋತ್ಕರ್ಷ ಕೆಳಮುಖ 1.6. ಮೊದಲನೆಯವರ ಉತ್ತರವೇ ಬಂತು! ಇಲ್ಲಿ ಅದು ಸರಿ, ಏಕೆಂದರೆ ಬ್ಲಾಕು ಮೇಲಕ್ಕೆ ಹೋಗುತ್ತಲೇ ನಿಧಾನವಾಗುತ್ತಿದೆ, ಘರ್ಷಣೆ ಚಲನೆಗೆ ಎದುರಾಗಿಯೇ ಇದೆ, ಯಾವ ವಿರೋಧವೂ ಇಲ್ಲ. ಹಾಗೆಯೇ ಬ್ಲಾಕು ಕೆಳಕ್ಕೆ ಜಾರುತ್ತಾ ಇದ್ದಾಗ ಹಗ್ಗ 30 ನ್ಯೂಟನ್ನಿನಿಂದ ಎಳೆಯತೊಡಗಿತು ಎಂದರೆ ಘರ್ಷಣೆ ಮೇಲ್ಮುಖ 13, ವೇಗೋತ್ಕರ್ಷ ಮೇಲ್ಮುಖ 3.6. ಎರಡನೆಯವರ ಉತ್ತರ. ಅಂದರೆ ಆ ಇಬ್ಬರೂ ಕೇಳದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬರೆದಿದ್ದರು. ಬಲಗಳ ಚಿತ್ರ ಬರೆಯುವಾಗ ಅದರ ಪಕ್ಕದಲ್ಲಿ ಬ್ಲಾಕಿನ ಆ ಕ್ಷಣದ ವೇಗವನ್ನು ಬೇರೆ ಬಣ್ಣದ ಬಾಣದಲ್ಲಿ, ಬ್ಲಾಕಿನಿಂದ ದೂರವಾಗಿ, ಗುರುತಿಸಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ವೇಗ ಗೊತ್ತಿಲ್ಲದೆ ಘರ್ಷಣೆಯ ಬಾಣಕ್ಕೆ ದಿಕ್ಕು ಕೊಡಲು ಆಗುವುದಿಲ್ಲ.

ಮೇಲಕ್ಕೆ ಸಾಗುತ್ತಿದ್ದ ಆ ಬ್ಲಾಕಿನ ಕಥೆಯನ್ನು ಪೂರ್ತಿ ಮಾಡೋಣ, ಅದರಲ್ಲಿ ಇನ್ನೊಂದು ಪಾಠವಿದೆ. ಸೆಕೆಂಡಿಗೆ 2 ಮೀಟರ್ ಇದ್ದ ವೇಗ, ಪ್ರತಿ ಸೆಕೆಂಡಿಗೆ 1.6ರಂತೆ ತಗ್ಗುತ್ತಾ 1.25 ಸೆಕೆಂಡಿನಲ್ಲಿ ಸೊನ್ನೆಯಾಗುತ್ತದೆ. ಅಷ್ಟರಲ್ಲಿ ಬ್ಲಾಕು 1.25 ಮೀಟರ್ ದೂರ ಏರಿರುತ್ತದೆ. ಇದನ್ನು ಶಕ್ತಿಯ ಲೆಕ್ಕದಿಂದ ತಾಳೆ ನೋಡಬಹುದು. ಹಗ್ಗ ಮಾಡಿದ ಕೆಲಸ 37.5 ಜೂಲ್, ತೂಕದ್ದು ಋಣ 31.25, ಘರ್ಷಣೆಯದ್ದು ಋಣ 16.25. ಮೂರನ್ನೂ ಕೂಡಿದರೆ ಋಣ 10 ಜೂಲ್. ಬ್ಲಾಕಿನಲ್ಲಿ ಮೊದಲಿದ್ದ ಚಲನಶಕ್ತಿ 10 ಜೂಲ್, ಅದು ಪೂರ್ತಿ ಮುಗಿದಿದೆ. ಸರಿಹೋಯಿತು. ಇಲ್ಲಿ ಘರ್ಷಣೆಯ ಕೆಲಸಕ್ಕೆ ಧನ ಚಿಹ್ನೆ ಬಂದಿದ್ದರೆ ಬಾಣ ಎಲ್ಲೋ ತಿರುಗಿದೆ ಎಂದು ಅಲ್ಲೇ ಗೊತ್ತಾಗುತ್ತಿತ್ತು.

ಈಗ 1.25 ಸೆಕೆಂಡ್ ಆದ ಮೇಲೆ ಏನಾಗುತ್ತದೆ? ವೇಗೋತ್ಕರ್ಷ ಕೆಳಮುಖ 1.6 ಎಂದು ಒಮ್ಮೆ ಬರೆದಿದ್ದೇವಲ್ಲ ಎಂದು ಅದನ್ನೇ ಮುಂದುವರಿಸಿದರೆ ಬ್ಲಾಕು ಹಿಂದಿರುಗಿ ಕೆಳಕ್ಕೆ ಜಾರುತ್ತದೆ ಎಂದು ಬರುತ್ತದೆ. ತಪ್ಪು. ಬ್ಲಾಕು ನಿಂತ ಕ್ಷಣದಲ್ಲೇ ಹಳೆಯ ಚಿತ್ರದ ಅವಧಿ ಮುಗಿಯಿತು. ಹೊಸ ಚಿತ್ರ ಬರೆಯಬೇಕು, ಅದರಲ್ಲಿ ಘರ್ಷಣೆ ಮತ್ತೆ ಅಜ್ಞಾತ. ಬೇಕಾಗಿರುವುದು 5, ಮಿತಿ 17.3. ಬ್ಲಾಕು ಅಲ್ಲೇ ಉಳಿಯುತ್ತದೆ. ಚಲನೆ ನಿಂತಾಗ, ದಿಕ್ಕು ಬದಲಾದಾಗ, ಹಗ್ಗ ತುಂಡಾದಾಗ, ಪ್ರತಿ ಸಲವೂ ಹೊಸ ಚಿತ್ರ.

ಇಷ್ಟು ಹೊತ್ತು ಹಗ್ಗ ಇಳಿಜಾರಿಗೆ ಸಮಾಂತರವಾಗಿತ್ತು, ಹಾಗಾಗಿ ನಾರ್ಮಲ್ ಬಲದ ವಿಚಾರದಲ್ಲಿ ತೊಡಕಿರಲಿಲ್ಲ. ಈಗ ಹಗ್ಗ ಬಿಚ್ಚಿಬಿಡಿ. ಅದೇ ಬ್ಲಾಕನ್ನು ಕೈಯಿಂದ, ನೆಲಕ್ಕೆ ಸಮಾಂತರವಾಗಿ, ಇಳಿಜಾರಿನ ಕಡೆಗೆ 30 ನ್ಯೂಟನ್ ಬಲದಿಂದ ಒತ್ತಿ ಹಿಡಿದಿದ್ದೀರಿ. ಬ್ಲಾಕು ನಿಂತಿದೆ. ನಿಮ್ಮ ಕೈಯ ಬಲಕ್ಕೆ ಈಗ ಎರಡು ಘಟಕ. ಇಳಿಜಾರಿನುದ್ದಕ್ಕೆ ಮೇಲ್ಮುಖವಾಗಿ 30 × cos 30°, ಅಂದರೆ 25.98. ಇಳಿಜಾರನ್ನು ಒತ್ತುವಂತೆ 30 × sin 30°, ಅಂದರೆ 15. ಆದ್ದರಿಂದ ನಾರ್ಮಲ್ ಬಲ 43.3 ಅಲ್ಲ, 58.3. ಉದ್ದಕ್ಕೆ ನೋಡಿದರೆ ಮೇಲಕ್ಕೆ 25.98, ಕೆಳಕ್ಕೆ 25, ಹಾಗಾಗಿ ಘರ್ಷಣೆ ಕೆಳಮುಖ 0.98 ನ್ಯೂಟನ್. ಮಿತಿ 0.4 × 58.3, ಸುಮಾರು 23.3. ಬ್ಲಾಕು ನಿಲ್ಲುತ್ತದೆ.

ನಾರ್ಮಲ್ ಬಲವೆಂದರೆ ಯಾವಾಗಲೂ mg cos θ ಎಂದು ಉರು ಹೊಡೆದವರು ಇಲ್ಲಿ 43.3 ಎಂದೇ ಬರೆಯುತ್ತಾರೆ. ಆದರೂ ಅವರ ಘರ್ಷಣೆ 0.98 ಎಂದೇ ಬರುತ್ತದೆ, ಏಕೆಂದರೆ ಉದ್ದದ ಸಮೀಕರಣದಲ್ಲಿ ನಾರ್ಮಲ್ ಬಲ ಕಾಣಿಸಿಕೊಳ್ಳುವುದೇ ಇಲ್ಲ. ಮಿತಿಯೂ 17.3 ಇರುವುದರಿಂದ ತೀರ್ಮಾನವೂ ಬದಲಾಗುವುದಿಲ್ಲ. ಕೊನೆಯ ಪುಟದ ಉತ್ತರಕ್ಕೆ ತಾಳೆಯಾಗಿಬಿಡುತ್ತದೆ! ಚಿತ್ರ ತಪ್ಪು, ಉತ್ತರ ಮಾತ್ರ ಸರಿ. ನನಗೆ ಹೆಚ್ಚು ಆತಂಕ ಕೊಡುವುದು ಇಂಥ ಪುಟವೇ, ಏಕೆಂದರೆ ಅದನ್ನು ಬರೆದವರು ಪೂರ್ತಿ ನಿಶ್ಚಿಂತರಾಗಿರುತ್ತಾರೆ. ಅದೇ ಸಮೀಕರಣಗಳಿಗೆ ಸಂಖ್ಯೆಗಳನ್ನು ಮತ್ತೆ ಹಾಕಿ ನೋಡಿದರೂ ತಪ್ಪು ಸಿಗುವುದಿಲ್ಲ. ಯಾವ ಸಮೀಕರಣದಿಂದ ಸಂಖ್ಯೆ ಬಂತೋ ಅದೇ ಸಮೀಕರಣಕ್ಕೆ ಅದನ್ನು ಹಿಂದಿರುಗಿಸಿದರೆ ಅದು ತೃಪ್ತಿಯಾಗಲೇಬೇಕು. ಅದರಿಂದ ಗುಣಾಕಾರದ ತಪ್ಪು ಸಿಗಬಹುದು, ಬಲವೊಂದರ ಘಟಕ ಬಿಟ್ಟುಹೋದದ್ದು ಸಿಗುವುದಿಲ್ಲ.

ಆ ತಪ್ಪನ್ನು ಹಿಡಿಯಲು ಅಕ್ಷಗಳನ್ನು ಬದಲಿಸಿ. ಇಲ್ಲಿಯವರೆಗೆ ಇಳಿಜಾರಿನುದ್ದಕ್ಕೆ ಒಂದು, ಅದಕ್ಕೆ ಲಂಬವಾಗಿ ಒಂದು ಎಂದು ಅಕ್ಷಗಳನ್ನು ಹಿಡಿದಿದ್ದೆವು. ಈಗ ಅದೇ ಬಾಣಗಳನ್ನು ನೆಲಕ್ಕೆ ಸಮಾಂತರ ಮತ್ತು ನೆಟ್ಟಗೆ ಮೇಲಕ್ಕೆ ಎಂಬ ಅಕ್ಷಗಳಲ್ಲಿ ಕೂಡಿ. ಇಳಿಜಾರು ಬಲಕ್ಕೆ ಏರುತ್ತಿದೆ ಎಂದು ಬರೆದುಕೊಳ್ಳಿ. ಅಡ್ಡ ದಿಕ್ಕಿನಲ್ಲಿ ಕೈಯ ಬಲ ಬಲಕ್ಕೆ 30. ನಾರ್ಮಲ್ ಬಲದ ಅಡ್ಡ ಘಟಕ ಎಡಕ್ಕೆ 58.3 × 0.5, ಅಂದರೆ 29.15. ಘರ್ಷಣೆಯ ಅಡ್ಡ ಘಟಕ ಎಡಕ್ಕೆ 0.98 × 0.866, ಅಂದರೆ 0.85. ಬಲಕ್ಕೆ 30, ಎಡಕ್ಕೆ 30. ಸರಿಹೋಯಿತು. ನೆಟ್ಟಗಿನ ದಿಕ್ಕಿನಲ್ಲಿ ನಾರ್ಮಲ್ ಬಲ ಮೇಲಕ್ಕೆ 50.49 ಕೊಡುತ್ತದೆ, ಘರ್ಷಣೆ ಕೆಳಕ್ಕೆ 0.49, ತೂಕ ಕೆಳಕ್ಕೆ 50. ಅದೂ ಸರಿಹೋಯಿತು. ಇದೇ ಪರೀಕ್ಷೆಗೆ 43.3 ಹಾಕಿ ನೋಡಿ. ಎಡಕ್ಕೆ 21.65 ಮತ್ತು 0.85, ಒಟ್ಟು 22.5, ಬಲಕ್ಕೆ 30. ಏಳೂವರೆ ನ್ಯೂಟನ್ ಉಳಿದುಬಿಟ್ಟಿತು. ನೆಟ್ಟಗಿನ ದಿಕ್ಕಿನಲ್ಲಂತೂ ಸುಮಾರು 13 ನ್ಯೂಟನ್ ಕೊರತೆ. ನಿಂತ ಬ್ಲಾಕಿಗೆ ಇದು ಸಾಧ್ಯವೇ ಇಲ್ಲ.

ಈ ಪರೀಕ್ಷೆ ಏಕೆ ಕೆಲಸ ಮಾಡುತ್ತದೆ ಎಂದು ಯೋಚಿಸಿ. ಹೊಸ ಅಕ್ಷಗಳಲ್ಲಿ ಪ್ರತಿ ಸಮೀಕರಣದಲ್ಲೂ ನಾರ್ಮಲ್ ಬಲ ಮತ್ತು ಘರ್ಷಣೆ ಎರಡೂ ಬರುತ್ತವೆ. ಒಂದರ ತಪ್ಪು ಇನ್ನೊಂದರ ಹಿಂದೆ ಅಡಗಲು ಜಾಗ ಸಿಗುವುದಿಲ್ಲ. ಮೊದಲಿನ ಹಗ್ಗದ ಲೆಕ್ಕಕ್ಕೂ ಇದನ್ನು ಮಾಡಿ ನೋಡಿ: ಹಗ್ಗ ಬಲಕ್ಕೆ 25.98, ನಾರ್ಮಲ್ ಬಲ ಎಡಕ್ಕೆ 21.65, ಘರ್ಷಣೆ ಎಡಕ್ಕೆ 4.33. ಒಂದು ಎಚ್ಚರಿಕೆ ಮಾತ್ರ ಇರಲಿ. ಈ ಎರಡನೆಯ ಸಲ ಬಲಗಳನ್ನು ಹಳೆಯ ಘಟಕಗಳಿಂದ ಅಲ್ಲ, ಮೂಲ ಬಾಣಗಳಿಂದಲೇ ಒಡೆಯಬೇಕು. ಇಲ್ಲದಿದ್ದರೆ ಹಳೆಯ ತಪ್ಪು ಹೊಸ ಅಕ್ಷಗಳಿಗೂ ಹಾಗೇ ಸಾಗಿಬರುತ್ತದೆ. ಬ್ಲಾಕಿಗೆ ವೇಗೋತ್ಕರ್ಷ ಇದ್ದಾಗಲೂ ಈ ಪರೀಕ್ಷೆ ನಡೆಯುತ್ತದೆ. ಆಗ ಎರಡೂ ದಿಕ್ಕಿನ ಒಟ್ಟು ಸೊನ್ನೆಯಾಗುವ ಬದಲು, ದ್ರವ್ಯರಾಶಿಯನ್ನು ಆ ದಿಕ್ಕಿನ ವೇಗೋತ್ಕರ್ಷದಿಂದ ಗುಣಿಸಿದಷ್ಟು ಬರಬೇಕು.

ಈಗ ನಿಮ್ಮ "ಟ್ಯಾಲಿ ಆಗ್ತಿಲ್ಲ" ಎಂಬ ಮಾತಿಗೆ ಬರುತ್ತೇನೆ. ಕೈಯಿಂದ ಒತ್ತಿದ ಲೆಕ್ಕದಲ್ಲಿ ಗುರುತ್ವ ವೇಗೋತ್ಕರ್ಷವನ್ನು 10ರ ಬದಲು 9.8 ಎಂದು ಹಿಡಿದರೆ ತೂಕದ ಘಟಕ 24.5 ಆಗುತ್ತದೆ, ಘರ್ಷಣೆ 0.98ರ ಬದಲು 1.48. ಎರಡು ಪ್ರತಿಶತದ ವ್ಯತ್ಯಾಸ ಉತ್ತರದಲ್ಲಿ ಐವತ್ತು ಪ್ರತಿಶತವಾಗಿ ಕಾಣಿಸಿತು. cos 30° ಅನ್ನು 0.87 ಎಂದು ಹಿಡಿದರೆ ಅದೇ ಉತ್ತರ 1.1 ಆಗುತ್ತದೆ. ಚಿತ್ರ ಒಂದೇ, ಸಮೀಕರಣ ಒಂದೇ. ಹೀಗಾಗುವುದಕ್ಕೆ ಕಾರಣವಿದೆ: ಇಲ್ಲಿ ಘರ್ಷಣೆ ಎನ್ನುವುದು ಹೆಚ್ಚುಕಡಿಮೆ ಸಮನಾದ ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸ, ಆದ್ದರಿಂದ ಅವುಗಳಲ್ಲಿನ ಸಣ್ಣ ಏರುಪೇರು ವ್ಯತ್ಯಾಸದಲ್ಲಿ ದೊಡ್ಡದಾಗಿ ಕಾಣುತ್ತದೆ. ಇನ್ನೂ ಸ್ವಲ್ಪ ಹತ್ತಿರವಾಗಿದ್ದರೆ ದಿಕ್ಕೇ ತಿರುಗಿಬಿಡಬಹುದಿತ್ತು. ಆದ್ದರಿಂದ ಕೊನೆಯ ಪುಟಕ್ಕೆ ಹೊಂದದ ಸಂಖ್ಯೆಯನ್ನು ಕಂಡ ಕೂಡಲೇ ಚಿತ್ರವನ್ನು ಅಳಿಸಬೇಡಿ. ಮೊದಲು ಅವರು ಗುರುತ್ವಕ್ಕೆ ಯಾವ ಬೆಲೆ ಹಿಡಿದಿದ್ದಾರೆ ನೋಡಿ, ಕಳೆಯುವ ಎರಡು ಸಂಖ್ಯೆಗಳು ಎಷ್ಟು ಹತ್ತಿರ ಇವೆ ನೋಡಿ. ಘರ್ಷಣಾ ಗುಣಾಂಕವಂತೂ ಪ್ರಯೋಗದಿಂದ ಬಂದ ಬೆಲೆ. ಫ್ರಾನ್ಸಿನ ಅಮೊಂಟನ್ 1699ರಲ್ಲಿ, ಆಮೇಲೆ ಕೂಲಂಬ್ 1785ರಲ್ಲಿ ಪ್ರಕಟಿಸಿದ ಈ ಘರ್ಷಣೆಯ ನಿಯಮಗಳು ಅಳತೆಗಳಿಂದ ಕಂಡುಕೊಂಡ ಅಂದಾಜು ಸಂಬಂಧಗಳು, ನ್ಯೂಟನ್ನನ ನಿಯಮಗಳ ಸಾಲಿನವಲ್ಲ. ಮೇಲ್ಮೈಯ ಧೂಳು, ತೇವ, ನಯ ಬದಲಾದರೆ ಗುಣಾಂಕವೂ ಬದಲಾಗುತ್ತದೆ. 17.32 ಎಂದು ನಾಲ್ಕು ಅಂಕಿ ಬರೆದ ಮಾತ್ರಕ್ಕೆ ಮಿತಿ ಅಷ್ಟು ಖಚಿತವಾಗುವುದಿಲ್ಲ.

ಈ ಪರೀಕ್ಷೆಗಳು ಹಿಡಿಯಲಾರದ ಸಂಗತಿಯನ್ನೂ ಹೇಳಿಬಿಡುತ್ತೇನೆ. ನಾವು ಬ್ಲಾಕನ್ನು ಒಂದು ಚುಕ್ಕಿಯಂತೆ ಕಂಡಿದ್ದೇವೆ, ಎಲ್ಲ ಬಾಣಗಳೂ ಒಂದೇ ಬಿಂದುವಿನಿಂದ ಹೊರಟಿವೆ. ನಿಜವಾದ ಬ್ಲಾಕಿನಲ್ಲಿ ಘರ್ಷಣೆ ತಳದಲ್ಲಿ ಕೆಲಸ ಮಾಡುತ್ತದೆ, ತೂಕ ಮಧ್ಯದಲ್ಲಿ. ಅದನ್ನು ಸರಿದೂಗಿಸಲು ನಾರ್ಮಲ್ ಬಲ ತಳದ ನಡುವಿನಿಂದ ಸ್ವಲ್ಪ ಸರಿದುಕೊಳ್ಳಬೇಕಾಗುತ್ತದೆ. ಎತ್ತರವಾದ, ಕಿರಿದಾದ ಬ್ಲಾಕಾದರೆ ಅದು ತಳದ ಅಂಚಿನವರೆಗೂ ಸರಿಯಬಹುದು, ಆಗ ಬ್ಲಾಕು ಜಾರುವ ಮೊದಲೇ ಉರುಳುತ್ತದೆ. ಬಲಗಳ ಮೊತ್ತ ಸೊನ್ನೆ ಎಂಬುದರಿಂದ ಅದು ತಿಳಿಯುವುದಿಲ್ಲ. ಅದಕ್ಕೆ ಟಾರ್ಕ್ ಲೆಕ್ಕ ಬೇಕು, ಆ ಅಧ್ಯಾಯ ನಿಮಗೆ ಮುಂದೆ ಬರುತ್ತದೆ.

ಹಗ್ಗದ ಲೆಕ್ಕಕ್ಕೆ ಮರಳಿ, ಬಲವನ್ನು ಬೇರೆ ಬೇರೆ ಮಾಡುತ್ತಾ ಹೋಗಿ. ನಿಂತ ಬ್ಲಾಕಿಗೆ 25 ನ್ಯೂಟನ್ ಎಳೆತವಿದ್ದರೆ ಘರ್ಷಣೆ ಸೊನ್ನೆ, ಮೇಲ್ಮೈ ಎಷ್ಟೇ ಒರಟಾಗಿರಲಿ. 25ಕ್ಕಿಂತ ಹೆಚ್ಚಾದರೆ ಘರ್ಷಣೆ ಕೆಳಮುಖ, ಕಡಿಮೆಯಾದರೆ ಮೇಲ್ಮುಖ. 7.7ರಿಂದ 42.3ರವರೆಗೆ ಬ್ಲಾಕು ನಿಂತೇ ಇರುತ್ತದೆ. ಇದನ್ನು ಗ್ರಾಫ್ ಹಾಳೆಯಲ್ಲಿ ಬರೆದರೆ ಒಂದೇ ನೇರ ಗೆರೆ ಬರುತ್ತದೆ, 30ರ ಎದುರು 5 ಆ ಗೆರೆಯ ಮೇಲೆ ಕುಳಿತಿರುತ್ತದೆ. 13 ಅಲ್ಲಿ ಕೂರುವುದಿಲ್ಲ.

ಕೊನೆಯದಾಗಿ ಎಳೆತ 40 ನ್ಯೂಟನ್ ಇರಲಿ. ಬ್ಲಾಕು ನಿಂತಿದ್ದರೆ ಘರ್ಷಣೆ ಕೆಳಮುಖ 15, ಮಿತಿ 17.3, ಅದು ನಿಂತೇ ಇರುತ್ತದೆ. ಆದರೆ ಅದೇ ಬ್ಲಾಕು ಮೇಲಕ್ಕೆ ಸಾಗುತ್ತಿದ್ದರೆ ಘರ್ಷಣೆ 13 ಮಾತ್ರ, ಒಟ್ಟು ಬಲ ಮೇಲ್ಮುಖ 2, ವೇಗೋತ್ಕರ್ಷ ಮೇಲ್ಮುಖ 0.4, ಅದು ನಿಲ್ಲುವುದೇ ಇಲ್ಲ, ಇನ್ನೂ ಜೋರಾಗುತ್ತಾ ಹೋಗುತ್ತದೆ. ಬ್ಲಾಕು, ಇಳಿಜಾರು, ಹಗ್ಗ ಎಲ್ಲವೂ ಒಂದೇ, ಉತ್ತರಗಳು ಎರಡು, ಎರಡೂ ಸರಿ. ಇನ್ನು ನೀವು ಎಳೆತವನ್ನು 10 ನ್ಯೂಟನ್ನಿಗೆ ಇಳಿಸಿ. ಒಮ್ಮೆ ನಿಂತ ಬ್ಲಾಕಿಗೆ, ಒಮ್ಮೆ ಕೆಳಕ್ಕೆ ಜಾರುತ್ತಿರುವ ಬ್ಲಾಕಿಗೆ, ಎರಡು ಬೇರೆ ಚಿತ್ರ ಬರೆದು ಉತ್ತರ ಕಂಡುಹಿಡಿಯಿರಿ. ಎರಡನ್ನೂ ನೆಲಕ್ಕೆ ಸಮಾಂತರವಾದ ಮತ್ತು ನೆಟ್ಟಗಿನ ಅಕ್ಷಗಳಲ್ಲಿ ಕೂಡಿ ನೋಡಿ. ಇದರ ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ. ತರಗತಿಗೆ ಬರುವಾಗ ಆ ಪುಟ ತನ್ನಿ, ನಿಮ್ಮ ಉತ್ತರ ಸರಿಯೋ ತಪ್ಪೋ ಎಂಬುದನ್ನು ನೀವೇ ನನಗೆ ಹೇಳಬೇಕು.

ಇಂತಿ ನಿಮ್ಮವ,
ಭೌತಶಾಸ್ತ್ರ ಉಪನ್ಯಾಸಕ